ಬೆಟಗೇರಿಯ ಮರಿಗೆ ‘ಲಾಳಿ’ ಎಂಬ ಹೆಸರು ಬಂದ ಬಗೆ

“ಅಕ್ಕಾ, ಬೀದ್ಯಾಗ ಸಿಕ್ಕ ಬೆಕ್ಕಿನ ಮರಿ ತಂದೀವಿ. ಅದರ ಗುಣಕ್ಕ ಒಪ್ಪಬೇಕು, ಕರ್ಯಾಕೂ ಸರಳ ಇರಬೇಕು, ಅಂಥಾದ್ದೊಂದು ಹೆಸರು ಹೇಳ್ರಿ.”

ಮರಿ ಮನೆಗೆ ಬಂದು ಎಷ್ಟು ದಿನವಾಯಿತು ಎಂದು ನಾನು ಮೊದಲು ಕೇಳುತ್ತೇನೆ. ಮೂರೋ ನಾಲ್ಕೋ ದಿನವಾಗಿದ್ದರೆ, ಇನ್ನು ಹತ್ತು ಹನ್ನೆರಡು ದಿನ ಅದನ್ನು ಸುಮ್ಮನೆ ‘ಮರಿ’ ಎಂದೇ ಕರೆಯಿರಿ ಎನ್ನುತ್ತೇನೆ. ಬೀದಿಯಿಂದ ಬಂದ ಮರಿಯಲ್ಲಿ ಮೊದಲ ವಾರ ಕಾಣುವುದೆಲ್ಲ ಅಂಜಿಕೆ, ಹಸಿವು, ಕೆಲವೊಮ್ಮೆ ರೋಗ. ಐದಾರು ವಾರದ ಮರಿ ಬೆನ್ನು ಬಾಗಿಸಿ ಬುಸುಗುಟ್ಟಿದರೆ ಅದು ಸಿಟ್ಟಿನ ಸ್ವಭಾವದ್ದೆಂದು ತಿಳಿಯಬಾರದು. ಆ ವಯಸ್ಸಿನಲ್ಲಿ ಮನುಷ್ಯರ ಕೈಗೆ ಒಗ್ಗುವುದು ಇನ್ನೂ ಸುಲಭವಾಗಿರುವುದರಿಂದ, ವಾರದೊಳಗೆ ಅದೇ ಮರಿ ನಿಮ್ಮ ತೊಡೆಯ ಮೇಲೆ ಗುರುಗುಟ್ಟುತ್ತ ಮಲಗಬಹುದು.

ಸುಮ್ಮನೆ ಕೂತಿರುವ ಮರಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ಒಂದು ಕರಿ ಮರಿ ಇಟ್ಟಲ್ಲೇ ಇರುತ್ತಿತ್ತು, ಎತ್ತಿಕೊಂಡರೂ ಒದ್ದಾಡುತ್ತಿರಲಿಲ್ಲ. ಎರಡನೆಯ ದಿನವೇ ಅದಕ್ಕೆ ‘ಶಾಂತಿ’ ಎಂದು ಹೆಸರಿಟ್ಟೆವು. ನಾಲ್ಕನೆಯ ದಿನ ಅದರ ತುಟಿ ಎತ್ತಿ ನೋಡಿದಾಗ, ತಿಳಿಗೆಂಪು ಇರಬೇಕಾದ ಒಸಡು ಬಿಳಿಚಿಕೊಂಡಿತ್ತು. ಕೂದಲು ಸರಿಸಿದರೆ ಕುತ್ತಿಗೆಯ ಸುತ್ತ ಚಿಗಟಗಳು ಓಡಾಡುತ್ತಿದ್ದವು. ಅಷ್ಟು ಚಿಕ್ಕ ಮೈಯಿಂದ ಚಿಗಟ ಹೀರುವ ರಕ್ತವೇ ಮರಿಯನ್ನು ನಿತ್ರಾಣ ಮಾಡಲು ಸಾಕು; ನಾವು ಶಾಂತ ಸ್ವಭಾವ ಎಂದುಕೊಂಡದ್ದು ರಕ್ತಹೀನತೆಯಾಗಿತ್ತು. ಪಶುವೈದ್ಯರ ಚಿಕಿತ್ಸೆಯಾಗಿ ಮೂರು ವಾರ ಕಳೆಯುವುದರೊಳಗೆ ಅದು ಪರದೆ ಹಿಡಿದು ಕಿಟಕಿಯ ಮೇಲ್ಪಟ್ಟಿಯವರೆಗೆ ಏರತೊಡಗಿತು. ಹೆಸರು ಬದಲಿಸಬೇಕಾಯಿತು, ಆಗಷ್ಟೇ ಒಂದು ಸದ್ದನ್ನು ಗುರುತಿಸಲು ಕಲಿತಿದ್ದ ಮರಿ ಇನ್ನೊಂದನ್ನು ಮೊದಲಿನಿಂದ ಕಲಿಯಬೇಕಾಯಿತು. ಅಂದಿನಿಂದ ಒಸಡು ನೋಡಿ, ಜಂತುಹುಳುವಿನ ಔಷಧ ಕೊಡಿಸಿ, ಮರಿ ಚೆನ್ನಾಗಿ ತಿನ್ನುತ್ತಿದೆ, ತೂಕ ಏರುತ್ತಿದೆ ಎಂದು ಖಚಿತವಾಗುವವರೆಗೆ ನಾನು ಹೆಸರಿನ ಮಾತೆತ್ತುವುದಿಲ್ಲ. ಈ ವಯಸ್ಸಿನ ಆರೋಗ್ಯವಂತ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರುತ್ತದೆ; ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲೇ ಅದನ್ನು ನೋಡಿಕೊಳ್ಳಬಹುದು.

ಆಮೇಲೆ ಗುಣವನ್ನು ಹೇಗೆ ಕಂಡುಕೊಳ್ಳುವುದು ಎಂಬುದಕ್ಕೆ ಕಳೆದ ಮಳೆಗಾಲದ ಮರಿಯನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಬೆಟಗೇರಿಯ ನೇಕಾರರೊಬ್ಬರ ಹಿತ್ತಲಿನಲ್ಲಿ, ಬಿಚ್ಚಿಟ್ಟ ಹಳೆಯ ಮಗ್ಗದ ಕಟ್ಟಿಗೆಗಳ ಸಂದಿಯಲ್ಲಿ, ಎರಡು ದಿನದಿಂದ ಕೂಗುತ್ತಿದ್ದ ಮರಿ ಅದು. ತಾಯಿ ಬರಲಿಲ್ಲವೆಂದು ಖಚಿತವಾದ ಮೇಲೆ ತಂದೆವು. ತೂಕ 480 ಗ್ರಾಂ ಇತ್ತು, ಎಂದರೆ ಐದು ವಾರದ ಆಸುಪಾಸು. ಮೈಮೇಲೆ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣವಿದ್ದುದರಿಂದ ಹೆಣ್ಣೆಂದು ತಿಳಿಯುವುದು ಸುಲಭವಾಯಿತು; ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಬೇರೆ ಬಣ್ಣದ ಮರಿಗಳಲ್ಲಿ ಈ ವಯಸ್ಸಿಗೆ ಗಂಡು ಹೆಣ್ಣು ಗುರುತಿಸುವಾಗ ತಪ್ಪಾಗುವುದು ಸಾಮಾನ್ಯ.

ಮೊದಲ ನಾಲ್ಕು ದಿನ ಅದು ಅಕ್ಕಿಯ ಡಬ್ಬಿಯ ಹಿಂದೆಯೇ ಇತ್ತು. ಒಂಬತ್ತನೆಯ ದಿನದಿಂದ, ಸಂಜೆಯಾಯಿತೆಂದರೆ, ಪಡಸಾಲೆಯಿಂದ ಹಿತ್ತಲ ಬಾಗಿಲಿನವರೆಗೆ ಓಡಿ, ಹೊಸ್ತಿಲು ಮುಟ್ಟಿ, ಅದೇ ದಾರಿಯಲ್ಲಿ ತಿರುಗಿ ಬರತೊಡಗಿತು. ಸಂಜೆ ಮುಂಜಾನೆ ಓಡಾಡುವುದು ಎಲ್ಲ ಮರಿಗಳ ಅಭ್ಯಾಸವಾದ್ದರಿಂದ ಅದೊಂದನ್ನೇ ನೆಚ್ಚಿ ಹೆಸರಿಡಲಾಗದು. ನಾನು ನೋಡುವುದು ಬೇರೆ ಎರಡು ಗಳಿಗೆಗಳನ್ನು: ಅಡುಗೆಮನೆಯಲ್ಲಿ ತಾಟು ಬಿದ್ದು ಸದ್ದಾದಾಗ ಅಡಗಿದ ಮರಿ ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ, ಮತ್ತು ಹೊರಗಿನವರು ಮನೆಗೆ ಬಂದಾಗ ಏನು ಮಾಡುತ್ತದೆ. ವಯಸ್ಸಾದಂತೆ ಆಟ ಕಡಿಮೆಯಾಗುತ್ತದೆ, ಆದರೆ ಧೈರ್ಯ, ಅಂಜಿಕೆಗಳ ಪ್ರಮಾಣ ಅಷ್ಟು ಬೇಗ ಬದಲಾಗುವುದನ್ನು ನಾನು ಕಂಡಿಲ್ಲ. ಈ ಮರಿ ತಾಟಿನ ಸದ್ದಿಗೆ ಬೆದರಿ ಓಡಿತು, ತಾಟು ಅಲುಗುವುದು ನಿಲ್ಲುವ ಮೊದಲೇ ತಿರುಗಿ ಬಂದು ಅದನ್ನು ಮೂಸಿತು. ಗ್ಯಾಸ್ ಸಿಲಿಂಡರ್ ತಂದವರನ್ನು ಕಂಡೂ ಓಡಿತು, ಅರ್ಧ ನಿಮಿಷದಲ್ಲಿ ಅವರ ಚಪ್ಪಲಿಯ ಹತ್ತಿರ ಬಂದು ಕೂತಿತು. ಹೋಗುವುದು, ಬರುವುದು, ಮತ್ತೆ ಹೋಗುವುದು: ಮಗ್ಗದಲ್ಲಿ ಆ ಕಡೆಗೂ ಈ ಕಡೆಗೂ ಓಡುವ ಲಾಳಿಯ ಚಾಳಿಯೇ ಅದರದು. ಹೆಸರು ಅಲ್ಲಿಯೇ ಸಿಕ್ಕಿತು.

ಕೂಗಿ ಕರೆಯಲು ಅದು ಸರಿಹೋಗುತ್ತದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ನಮ್ಮ ಭಾಗದಲ್ಲಿ ಇಟ್ಟ ಹೆಸರು ಇಟ್ಟಂತೆ ಉಳಿಯುವುದಿಲ್ಲ. ಬಸವರಾಜ ಬಸ್ಯಾ ಆಗುತ್ತಾನೆ, ಗಂಗವ್ವ ಗಂಗಿಯಾಗುತ್ತಾಳೆ. ಬೆಕ್ಕಿಗೆ ‘ಚಂದ್ರಲೇಖಾ’ ಎಂದಿಟ್ಟರೆ ವಾರದೊಳಗೆ ಅಜ್ಜಿ ಒಂದು, ಮಕ್ಕಳು ಒಂದು, ನೀವು ಒಂದು ಬಗೆಯಾಗಿ ಕರೆಯುತ್ತೀರಿ, ಮರಿಗೆ ಮೂರು ಬೇರೆ ಬೇರೆ ಸದ್ದುಗಳು ಕೇಳುತ್ತವೆ. ಆದ್ದರಿಂದ ಇನ್ನು ಮೊಟಕಾಗಲಾರದ ಎರಡಕ್ಷರದ ಹೆಸರು, ಮೊದಲಕ್ಷರ ದೀರ್ಘವಾಗಿದ್ದು ಕೊನೆಯದನ್ನು ಎಳೆಯಲು ಬರುವಂಥದ್ದು, ನನಗೆ ಮೆಚ್ಚುಗೆ. ಹಿತ್ತಲ ಬಾಗಿಲಲ್ಲಿ ನಿಂತು “ಲಾಳೀ” ಎಂದು ಎಳೆದರೆ ಮನೆಯಲ್ಲಿ ಯಾರ ಬಾಯಲ್ಲೂ ಅದು ಒಂದೇ ಆಗಿರುತ್ತದೆ. ದಿನವೂ ಆಡುವ ಮಾತಿಗೂ ಅದು ಹೋಲಬಾರದು. ಈ ಹೆಸರನ್ನು ಕೇಳಿದ ನೇಕಾರರು, “ನಮ್ಮನ್ಯಾಗ ಇದು ನಡ್ಯಂಗಿಲ್ಲವ್ವಾ, ದಿನಾ ನೂರು ಸಲ ಲಾಳಿ ಲಾಳಿ ಅಂತಿರ್ತೀವಿ” ಎಂದರು. ಅವರ ಮಾತು ಸರಿ. ಕರೆದಾಗ ಏನೂ ಆಗದಿದ್ದರೆ ಬೆಕ್ಕು ಆ ಸದ್ದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತದೆ. ನಮ್ಮ ಮನೆಯಲ್ಲಿ ಮಗ್ಗವಿಲ್ಲದ್ದರಿಂದ ಹೆಸರು ಉಳಿಯಿತು.

ಕಲಿಸುವುದಕ್ಕೆ ದಿನಕ್ಕೆ ಐದಾರು ಸಲ, ಒಮ್ಮೆ ಮಾತ್ರ ಹೆಸರು ಹೇಳಿ, ಕೂಡಲೇ ಬೇಯಿಸಿದ ಕೋಳಿಮಾಂಸದ ಒಂದು ಎಳೆ ಕೊಡುತ್ತಿದ್ದೆ. ಗದರಿಸುವಾಗಲೂ ಔಷಧ ಹಾಕಲು ಹಿಡಿಯುವಾಗಲೂ ಹೆಸರು ಎತ್ತಲಿಲ್ಲ. ಆಗ ಹೋಗಿ ನಾನೇ ಎತ್ತಿಕೊಂಡು ಬರುತ್ತಿದ್ದೆ. ಹೆಸರು ನಾಟಿದೆಯೇ ಎಂದು ತಿಳಿಯಲು, ಮರಿ ಓಡಿ ಬಂದೀತೆಂದು ಕಾಯಬಾರದು. 2019ರಲ್ಲಿ ಜಪಾನಿನ ಸಂಶೋಧಕರು ಬೆಕ್ಕುಗಳಿಗೆ ಅವುಗಳ ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದಾದ ಮೇಲೊಂದು ಕೇಳಿಸಿ, ಐದನೆಯದಾಗಿ ಹೆಸರನ್ನು ಕೇಳಿಸಿದ್ದರು. ಪದಗಳಿಗೆ ಕ್ರಮೇಣ ಬೇಸತ್ತ ಬೆಕ್ಕುಗಳು ಹೆಸರು ಬಂದಾಗ ಕಿವಿ ಅಥವಾ ತಲೆ ತಿರುಗಿಸಿದವು. ಅನೇಕ ಬೆಕ್ಕುಗಳಿರುವ ಕೆಫೆಯ ಬೆಕ್ಕುಗಳು ಮಾತ್ರ ತಮ್ಮ ಹೆಸರನ್ನೂ ಜೊತೆಯ ಬೆಕ್ಕುಗಳ ಹೆಸರನ್ನೂ ಬೇರೆ ಮಾಡಲಿಲ್ಲ. ಹೀಗಾಗಿ ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ‘ಲಾಳಿ’ಯ ಜೊತೆಗೆ ‘ಮಾಳಿ’ ಎಂದಿಡದೆ ‘ಗುಂಡ್ಯಾ’ದಂಥ ದೂರದ ಸದ್ದನ್ನು ಆರಿಸಿ, ತಿಂಡಿಯನ್ನೂ ಬೇರೆ ಬೇರೆಯಾಗಿ ಕರೆದು ಕೊಡುವುದು ಒಳ್ಳೆಯದು.

ಮೂರು ವಾರದ ನಂತರ ನಾನೂ ಅದೇ ಪರೀಕ್ಷೆ ಮಾಡಿದೆ. ಲಾಳಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ನನಗೆ ಬೆನ್ನು ಹಾಕಿ ಕೂತಿತ್ತು. ಒಂದೇ ದನಿಯಲ್ಲಿ, ನಡುವೆ ಹದಿನೈದು ಸೆಕೆಂಡು ಬಿಟ್ಟು, “ಚಾಪಿ” ಎಂದೆ, “ರೊಟ್ಟಿ” ಎಂದೆ, “ಜೋಳಾ”, “ಕಾಡಿ” ಎಂದೆ. ಮೊದಲ ಪದಕ್ಕೆ ಕಿವಿ ಒಮ್ಮೆ ಅಲುಗಿತು, ಉಳಿದವಕ್ಕೆ ಅದೂ ಇಲ್ಲ. ಆಮೇಲೆ “ಲಾಳಿ” ಎಂದೆ. ಕಣ್ಣು ಹಲ್ಲಿಯ ಮೇಲೆಯೇ ಇತ್ತು, ಎಡಗಿವಿಯೊಂದು ಮಾತ್ರ ಪೂರ್ತಿ ನನ್ನ ಕಡೆಗೆ ತಿರುಗಿ ನಿಂತಿತು.