ಶುಕ್ರವಾರ ರಾತ್ರಿಯಲ್ಲ, ಗುರುವಾರ ರಾತ್ರಿ

"ನಮ್ಮ ಅಜ್ಜಿ ಗೋರಿಯ ಫೋಟೋ ಇದೆ, ನನಗೆ ಉರ್ದು ಓದೋಕೆ ಬರಲ್ಲ, ಕನ್ನಡದಲ್ಲಿ ಬರೆದುಕೊಡ್ತೀರಾ?"

ಬರೆದುಕೊಡ್ತೀನಿ, ಆದರೆ ಕಲ್ಲಿನ ನಾಲ್ಕು ಅಂಚೂ ಕಾಣೋ ಫೋಟೋ ಕಳಿಸಿ. ಹೋದ ತಿಂಗಳು ಶಿವಾಜಿನಗರದ ಹುಡುಗನೊಬ್ಬ ಕಳಿಸಿದ ಫೋಟೋದಲ್ಲಿ ಎಡಗಡೆ ಅಂಚೇ ಇರಲಿಲ್ಲ. ಉರ್ದು ಸಾಲು ಮುಗಿಯೋದು ಎಡಕ್ಕೆ. ತೀರಿಕೊಂಡವರ ಹೆಸರಿನ ಜೊತೆ ಗಂಡಸಾದರೆ ಮರ್ಹೂಮ್, ಹೆಂಗಸಾದರೆ ಮರ್ಹೂಮಾ ಅಂತ ಬರೀತಾರೆ, ವ್ಯತ್ಯಾಸ ಕೊನೆಯ ಒಂದು ಪುಟ್ಟ ಅಕ್ಷರ. ಅದೇ ಸಾಲಿನ ಕೊನೆಯಲ್ಲಿದ್ದರೆ, ಫೋಟೋ ಕತ್ತರಿಸಿದಾಗ ಅಜ್ಜಿ ತಾತ ಆಗಿಬಿಡ್ತಾರೆ! ಆ ಹುಡುಗನ ಅಜ್ಜಿಯ ಕಲ್ಲಲ್ಲಿ ಕೆಳಗೆ 'ಬಿಂತ್' ಅಂತ ಇತ್ತು, ಅಂದರೆ ಇಂಥವರ ಮಗಳು, ಹಾಗಾಗಿ ಗೊತ್ತಾಯಿತು. (ಬಿಂತ್ ಅನ್ನೋದನ್ನ ಹೆಸರಿನ ಭಾಗ ಅಂದುಕೊಂಡು ಬರೆದಿರೋದನ್ನೂ ನೋಡಿದ್ದೀನಿ.)

ಅವನ ಹತ್ತಿರ ಯಾರೋ ಮೊದಲೇ ಮಾಡಿಕೊಟ್ಟಿದ್ದ ಅನುವಾದ ಇತ್ತು: 'ಸ್ವರ್ಗೀಯ ಶ್ರೀಮತಿ'. ತಪ್ಪು ಅಂತ ಜಗಳ ಆಡಲ್ಲ, ಪೇಪರಲ್ಲೂ ಎಲ್ಲರಿಗೂ ದಿವಂಗತ ಅಂತಲೇ ಹಾಕ್ತಾರೆ. ಆದರೆ ಮರ್ಹೂಮಾ ಅಂದರೆ ದೇವರ ಕರುಣೆ ಪಡೆದವರು ಅಂತ, ಸ್ವರ್ಗಕ್ಕೆ ಹೋದವರು ಅಂತಲ್ಲ. ಆ ಮನೆಯವರು ಬಾಯಲ್ಲಿ ಹೇಳೋದೂ ಅದನ್ನೇ. ಅದಕ್ಕೇ ಆ ಪದ ಹಾಗೇ ಇಟ್ಟೆ. ಹಜ್ ಮಾಡಿದ್ದಕ್ಕೆ ಹೆಸರಿನ ಮುಂದೆ ಇದ್ದ 'ಹಜ್ಜನ್' ಅನ್ನೂ ಮುಟ್ಟಲಿಲ್ಲ, ಅದನ್ನ ಶ್ರೀಮತಿ ಮಾಡಿದರೆ ಅವರು ಮೆಕ್ಕಾಗೆ ಹೋಗಿಬಂದಿದ್ದೇ ಅಳಿಸಿ ಹೋಗುತ್ತಲ್ವಾ?

ಜಾಸ್ತಿ ಹೊತ್ತು ಹಿಡಿದಿದ್ದು ತಾರೀಖು. ಕಲ್ಲಿನ ಮೇಲೆ ಇದ್ದದ್ದು: 27 ರಮ್ಜಾನ್ 1390, ಶಬ್-ಎ-ಜುಮಾ. ವರ್ಷದ ಪಕ್ಕ ಎರಡು ಕಣ್ಣಿನ 'ಹೇ' ಅಕ್ಷರ ಇದ್ದರೆ ಹಿಜ್ರಿ, ಅಂದರೆ ಮುಸ್ಲಿಮರ ಚಂದ್ರನ ಲೆಕ್ಕದ ವರ್ಷ, 'ಐನ್' ಅಕ್ಷರ ಇದ್ದರೆ ಈಸವಿ, ಅಂದರೆ ಕ್ರಿಸ್ತಶಕ. ಇಲ್ಲಿ ಹೇ ಇತ್ತು. ಹಿಜ್ರಿ ವರ್ಷ ನಮ್ಮದಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು, ಹಾಗಾಗಿ ಸುಮ್ನೆ 622 ಕೂಡಿಸಿದರೆ ಆಗಲ್ಲ. 1390ನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಸುಮಾರು 1970 ಬರುತ್ತೆ. ಆ ವರ್ಷದ ರಮ್ಜಾನ್ ನವೆಂಬರಲ್ಲಿ ಬಿದ್ದಿತ್ತು. ಆನ್‌ಲೈನ್ ಲೆಕ್ಕದಲ್ಲಿ ಒಂದು ದಿನ ಹಿಂದೆ ಮುಂದೆ ಆಗೋದು ಮಾಮೂಲು, ಯಾಕೆಂದರೆ ಇಲ್ಲಿ ತಿಂಗಳು ಶುರುವಾಗೋದು ಚಂದ್ರ ಕಂಡ ಮೇಲೆ. ಆ ಒಂದು ದಿನದ ಅನುಮಾನ ಬಿಡಿಸೋದು ಕಲ್ಲಿನ ಮೇಲಿರೋ ವಾರ.

ಹಳೇ ಅನುವಾದ ಎಡವಿದ್ದೂ ಅಲ್ಲೇ. ಶಬ್ ಅಂದರೆ ರಾತ್ರಿ, ಜುಮಾ ಅಂದರೆ ಶುಕ್ರವಾರ, ಸರಿ, 'ನವೆಂಬರ್ 27, ಶುಕ್ರವಾರ ರಾತ್ರಿ' ಅಂತ ಬರೆದುಬಿಟ್ಟಿದ್ದರು. ಆದರೆ ಹಿಜ್ರಿಯಲ್ಲಿ ದಿನ ಶುರುವಾಗೋದು ಸೂರ್ಯ ಮುಳುಗಿದಾಗ. ಶುಕ್ರವಾರದ ರಾತ್ರಿ ಮೊದಲು ಬರುತ್ತೆ, ಹಗಲು ಆಮೇಲೆ. ಅಂದರೆ ನಮ್ಮ ಲೆಕ್ಕಕ್ಕೆ ಅದು ಗುರುವಾರ ರಾತ್ರಿ, 26ನೇ ತಾರೀಖು.

ನಾನು ಕೊಟ್ಟಿದ್ದು ಹೀಗೆ: 'ಮರ್ಹೂಮಾ ಹಜ್ಜನ್ ... ಬೀ. ತೀರಿಕೊಂಡದ್ದು 27 ರಮ್ಜಾನ್ 1390 ಹಿಜ್ರಿ, ಜುಮಾ ಹಿಂದಿನ ರಾತ್ರಿ (26 ನವೆಂಬರ್ 1970, ಗುರುವಾರ)'. ಕಲ್ಲಿನ ತಾರೀಖು ಮೊದಲು, ನಮ್ಮದು ಬ್ರಾಕೆಟ್ಟಲ್ಲಿ.

ಹುಡುಗ ಅವರಪ್ಪನಿಗೆ ಓದಿ ಹೇಳಿದನಂತೆ. "ಹೌದು ಮತ್ತೆ, ರೋಜಾ ಬಿಟ್ಟ ಮೇಲೆ ಹೋದರು, ಮಾರನೇ ದಿನ ಜುಮಾ ನಮಾಜ್ ಮುಗಿಸಿ ಮಣ್ಣು ಕೊಟ್ವಿ" ಅಂದರಂತೆ.