ಸಂಕ್ರಾಂತಿವರೆಗೆ ವಿಡಿಯೋ ಇಲ್ಲ

"ಅಕ್ಕಾರ, ಶ್ರಾವಣದಿಂದ ಸಂಕ್ರಾಂತಿ ತನಕ ವಿಡಿಯೋ ಹಾಕೂದಿಲ್ಲ ಅಂದ್ರಂತ, ಯಾಕ್ರೀ? ಅಷ್ಟು ದಿನ ಬಿಟ್ರ ಚಾನೆಲ್ ಬಿದ್ದು ಹೋಗೂದಿಲ್ಲೇನು?"

ನನ್ನ ಯೂಟ್ಯೂಬ್ ಕಸೂತಿ ಚಾನೆಲ್ ನೋಡುವವರು ಹೀಗೆ ಕೇಳುತ್ತಿದ್ದಾರೆ. ಮೊದಲು ಒಂದು ಮಾತು. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ. ನಮ್ಮ ಧಾರವಾಡದಲ್ಲಿ ಯಾರಾದರೂ ಒಂದು ಕೆಲಸ ನಿಲ್ಲಿಸುತ್ತೇನೆ ಅಂದರೆ ಸಾಕು, ಒಂದೋ ಆಸ್ಪತ್ರೆ, ಇಲ್ಲಾ ಯಜಮಾನರಿಗೆ ವರ್ಗ ಅಂತ ತಿಳಿದುಬಿಡುತ್ತಾರೆ. ಮೇಲಿನ ಓಣಿಯ ಕಾಕೂ ಅಂತೂ "ಕಣ್ಣಿಗೇನಾರ ಆಗೇದೇನ?" ಅಂತ ಮನೆಗೇ ಬಂದು ಕೇಳಿ, ಚಹಾ ಕುಡಿದು ಹೋದರು. ಏನೂ ಆಗಿಲ್ಲ. ಬೇಜಾರೂ ಆಗಿಲ್ಲ. ಯಾರ ಕಾಮೆಂಟಿಗೂ ಸಿಟ್ಟು ಬಂದಿಲ್ಲ.

ಆಗಿರುವುದು ಇಷ್ಟೇ. ತಂಗಿಯ ಮಗಳ ಮದುವೆ ಮಾಘದಲ್ಲಿ. ಅವಳಿಗೆ ಒಂದು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಚಂದ್ರಕಾಳಿ ಅಂದರೆ ಕರಿ ಸೀರೆ. ಕರಿ ಬಟ್ಟೆಯ ಮೇಲೆ ಎಳೆ ಎಣಿಸಿ ಹೊಲಿಗೆ ಹಾಕಬೇಕು. ಟ್ಯೂಬ್‌ಲೈಟಿನಲ್ಲಿ ಎಳೆ ಕಾಣುವುದೇ ಇಲ್ಲ, ಹಗಲು ಬೆಳಕೇ ಬೇಕು. ಶ್ರಾವಣದ ಮೋಡದಲ್ಲಿ ನಮ್ಮ ಮನೆಯ ಕಿಟಕಿಗೆ ಒಳ್ಳೆಯ ಬೆಳಕು ಬರುವುದು ಬೆಳಿಗ್ಗೆ ಅಡುಗೆ ಮುಗಿದ ಮೇಲೆ, ಊಟಕ್ಕೆ ಮುಂಚೆ. ನಿಮಗೆ ವಿಡಿಯೋ ಮಾಡುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ಒಂದೇ ಬೆಳಕು, ಎರಡು ಕೆಲಸ. ಈ ಸಲ ಸೀರೆಗೆ ಕೊಟ್ಟಿದ್ದೇನೆ.

ಎರಡೂ ಒಟ್ಟಿಗೆ ಮಾಡಬಹುದಲ್ಲ, ಸೀರೆ ಹೊಲಿಯುವುದನ್ನೇ ಶೂಟ್ ಮಾಡಿ ಅಂತ ಬಹಳ ಜನ ಹೇಳಿದರು. ಕಸೂತಿ ಹಾಕುವವರಿಗೆ ಇದು ಯಾಕೆ ಆಗುವುದಿಲ್ಲ ಅಂತ ಗೊತ್ತು. ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗವಂತಿ ಹೊಲಿಗೆ ನೋಡಿ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ನಾಲ್ಕು ಎಳೆ ಎಣಿಸಿ ಸೂಜಿ ಕೆಳಗೆ, ಮತ್ತೆ ನಾಲ್ಕು ಎಳೆ ಬಿಟ್ಟು ಮೇಲೆ. ಹೀಗೆ ಹೋಗುವಾಗ ಮೇಲ್ಭಾಗದಲ್ಲಿ ಒಂದು ಹೊಲಿಗೆ, ಒಂದು ಖಾಲಿ ಜಾಗ ಬರುತ್ತದೆ. ಮೇಲೆ ಖಾಲಿ ಇದ್ದಲ್ಲಿ ಕೆಳಗೆ ಹೊಲಿಗೆ ಇರುತ್ತದೆ. ಅದೇ ದಾರಿಯಲ್ಲಿ ತಿರುಗಿ ಬರುವಾಗ ಖಾಲಿ ಜಾಗಗಳೆಲ್ಲ ತುಂಬುತ್ತವೆ. ಹಾಗಾಗಿ ಮುಂದೆ, ಹಿಂದೆ ಎರಡೂ ಕಡೆ ಒಂದೇ ಚಿತ್ತಾರ. ಸೀರೆಯ ಸೆರಗು ಗಾಳಿಗೆ ತಿರುಗಿದರೂ ಉಲ್ಟಾ ಕಾಣಬಾರದು, ಅದಕ್ಕೇ ಈ ಕಷ್ಟ.

ನೇರ ಗೆರೆಯಾದರೆ ಸುಲಭ. ಗೋಪುರದ ಚಿತ್ತಾರದಲ್ಲಿ ಪ್ರತಿ ಅಂತಸ್ತಿಗೂ ಅಕ್ಕಪಕ್ಕ ಸಣ್ಣ ಸಣ್ಣ ಕವಲುಗಳಿರುತ್ತವೆ. ಮುಖ್ಯ ಗೆರೆಯಲ್ಲಿ ಹೋಗುತ್ತಾ ಕವಲು ಸಿಕ್ಕಿತು ಅಂದರೆ ಅಲ್ಲೇ ಕವಲಿಗೆ ಇಳಿಯಬೇಕು. ಅದರ ತುದಿವರೆಗೆ ಹೋಗಿ, ಖಾಲಿ ತುಂಬಿಸುತ್ತಾ ಕವಲಿನ ಬುಡಕ್ಕೆ ಬಂದು, ಆಮೇಲೆ ಮುಖ್ಯ ಗೆರೆ ಹಿಡಿಯಬೇಕು. ಒಂದು ಕವಲು ಬಿಟ್ಟು ಮುಂದೆ ಹೋದೆವೋ, ಆಮೇಲೆ ಅದನ್ನು ಹಾಕಲು ಬೇರೆ ಕಡೆಯಿಂದ ದಾರ ಜಿಗಿಸಬೇಕಾಗುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಬಟ್ಟೆ ತಿರುಗಿಸಿದರೆ ಓರೆಯಾಗಿ ಒಂದು ಉದ್ದ ದಾರ ಬಿದ್ದಿರುತ್ತದೆ. ಅಲ್ಲಿಗೆ ಅದು ಕಸೂತಿಯಾಗಿ ಉಳಿಯಲಿಲ್ಲ.

ಅಂದರೆ ಗೋಪುರ ಹಾಕುವಾಗ ಮುಂದಿನ ಕವಲು ಎಲ್ಲಿದೆ, ಯಾವುದು ಮುಗಿದಿದೆ ಅನ್ನುವುದು ಪೂರ್ತಿ ತಲೆಯಲ್ಲಿರಬೇಕು. ಈಗ ಇದರ ಮೇಲೆ ಮೊಬೈಲ್ ಕಟ್ಟಿ. ಸ್ಟ್ಯಾಂಡ್ ನೇರ ಮೇಲಿರಬೇಕು, ಕೈ ನೆರಳು ಹೊಲಿಗೆಯ ಮೇಲೆ ಬೀಳಬಾರದು. ಬಟ್ಟೆ ಕದಲಿದರೆ ಫೋಕಸ್ ಹೋಗುತ್ತದೆ. ಪ್ರತಿ ಹೊಲಿಗೆಗೂ ಒಂದು ಕ್ಷಣ ಸೂಜಿ ನಿಲ್ಲಿಸಬೇಕು, ಇಲ್ಲದಿದ್ದರೆ ನೋಡುವವರಿಗೆ ಕಾಣುವುದಿಲ್ಲ. ಅಷ್ಟರಲ್ಲಿ ಎಣಿಕೆ ತಪ್ಪುತ್ತದೆ. ಮಜಾ ಅಂದರೆ, ನಿಜವಾಗಿ ನೋಡಬೇಕಾದ ಹಿಂಬದಿ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ.

ಹಾಗಾಗಿ ಚಾನೆಲ್ಲಿಗೆ ನಾನು ಯಾವಾಗಲೂ ಮ್ಯಾಟಿ ಬಟ್ಟೆಯ ಮೇಲೆ ದಪ್ಪ ದಾರದಲ್ಲಿ ಸಣ್ಣ ಚಿತ್ತಾರಗಳನ್ನೇ ಹಾಕಿ ತೋರಿಸಿದ್ದೇನೆ. ನಕ್ಷತ್ರ, ಸಣ್ಣ ಗಿಳಿ, ತುಳಸಿಕಟ್ಟೆ. ಒಂದೇ ಸಲ ಕೂತಾಗ ಮುಗಿಯುವಂಥವು. ಕಲಿಯುವವರಿಗೆ ಅದೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗೋಪುರ, ರಥ, ಆನೆ ಇವೆಲ್ಲ ನನ್ನ ಕೈಯಿಂದ ದೂರವಾಗುತ್ತಾ ಬಂದವು. ಹೊಸ ಚಿತ್ತಾರ ನೋಡಿದರೆ "ಇದು ಎಷ್ಟು ನಿಮಿಷದ ವಿಡಿಯೋ ಆದೀತು" ಅನ್ನುವ ಲೆಕ್ಕ ಮೊದಲು ಬರುತ್ತಿತ್ತು. ಈ ಲೆಕ್ಕ ಸ್ವಲ್ಪ ದಿನ ಬೇಡ ಅನಿಸಿದೆ. ಸೀರೆ ನೆಪ, ಇದೂ ಒಂದು ಕಾರಣ.

ಇನ್ನು ಚಾನೆಲ್ ಬೀಳುವ ವಿಷಯ. ಇದರ ಬಗ್ಗೆ ಜನರಿಗೆ ಇರುವ ಹೆದರಿಕೆ ಬಹಳ. ವಾರಕ್ಕೆ ಇಷ್ಟು ಹಾಕದಿದ್ದರೆ ಯೂಟ್ಯೂಬ್ ಮುಚ್ಚಿಯೇ ಬಿಡುತ್ತದೆ ಅನ್ನುವ ಹಾಗೆ ಮಾತಾಡುತ್ತಾರೆ. ನಾನು ಯೂಟ್ಯೂಬ್ ಸ್ಟುಡಿಯೋ ತೆಗೆದು ಅನಲಿಟಿಕ್ಸ್‌ನಲ್ಲಿ ಜನ ಎಲ್ಲಿಂದ ಬರುತ್ತಾರೆ ಅಂತ ನೋಡಿದೆ. ಅಲ್ಲಿ Traffic source ಅಂತ ಇದೆ. ಮುಖಪುಟದಲ್ಲಿ ಕಂಡು ಒತ್ತಿದವರು, ಶಾರ್ಟ್ಸ್ ಸರಿಸುತ್ತಾ ಬಂದವರು, ತಾವೇ ಹುಡುಕಿ ಬಂದವರು, ಎಲ್ಲ ಬೇರೆ ಬೇರೆ ತೋರಿಸುತ್ತದೆ. ನನ್ನ ಉದ್ದ ವಿಡಿಯೋಗಳಿಗೆ ಜಾಸ್ತಿ ಜನ ಬರುವುದು ಹುಡುಕಿಕೊಂಡೇ. "ಮುರ್ಗಿ ಹೊಲಿಗೆ ಹೇಗೆ ಹಾಕೋದು" ಅಂತ ಯಾರೋ ಟೈಪ್ ಮಾಡುತ್ತಾರೆ, ಹಳೆಯ ವಿಡಿಯೋ ಸಿಗುತ್ತದೆ. ಆ ಹುಡುಕಾಟ ನಾನು ಈ ವಾರ ಏನು ಹಾಕಿದೆ ಅನ್ನುವುದನ್ನು ನೋಡಿ ನಡೆಯುವುದಿಲ್ಲ. ಶಾರ್ಟ್ಸ್ ಹಾಗಲ್ಲ. ನನ್ನವು ಹಾಕಿದ ಕೆಲವೇ ದಿನ ಓಡಿ ನಿಂತುಬಿಡುತ್ತವೆ. ಹಾಗಾಗಿ ಒಟ್ಟು ವೀಕ್ಷಣೆ ಕೆಳಗೆ ಬರುವುದು ಖಂಡಿತ. ಗ್ರಾಫ್ ಇಳಿಯುತ್ತದೆ, ಇಳಿಯಲಿ. ಬರೀ ಶಾರ್ಟ್ಸ್ ಅಥವಾ ಸುದ್ದಿ ಮಾಡುವ ಚಾನೆಲ್ಲಿನವರಾದರೆ ನನ್ನ ಈ ಮಾತು ನಿಮಗೆ ಹೊಂದುವುದಿಲ್ಲ, ಮೊದಲು ನಿಮ್ಮದನ್ನು ನೋಡಿಕೊಳ್ಳಿ.

ದುಡ್ಡಿನ ಮಾತೂ ಆಗಿಬಿಡಲಿ. ಜಾಹೀರಾತಿನ ಹಣ ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆಗಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಒಮ್ಮೆ ಒಳಗೆ ಹೋದ ಮೇಲೆ ಗಂಟೆ ಕಡಿಮೆಯಾಯಿತು ಅಂತ ತಾನಾಗಿ ಹೊರಗೆ ಹಾಕುವುದಿಲ್ಲ. ಆದರೆ 6 ತಿಂಗಳು ವಿಡಿಯೋ ಇಲ್ಲ, ಪೋಸ್ಟ್ ಇಲ್ಲ ಅಂದರೆ ತೆಗೆಯುವ ಹಕ್ಕು ಅವರಿಗಿದೆ. ಶ್ರಾವಣದಿಂದ ಸಂಕ್ರಾಂತಿ ಅಂದರೆ ಅದಕ್ಕಿಂತ ಕಡಿಮೆಯೇ. ಮೇಲಾಗಿ ದೀಪಾವಳಿಗೆ ಒಂದು ಶುಭಾಶಯದ ಪೋಸ್ಟ್ ಹೇಗೂ ಹಾಕುತ್ತೇನೆ. ನನಗೆ ಬರುವುದೂ ಅಷ್ಟಕ್ಕಷ್ಟೇ. ಖಾತೆಯಲ್ಲಿ 100 ಡಾಲರ್ ಆಗುವವರೆಗೆ ಬ್ಯಾಂಕಿಗೆ ಕಳಿಸುವುದಿಲ್ಲ, ಬಾಕಿ ಮುಂದಿನ ತಿಂಗಳಿಗೆ ಹೋಗುತ್ತಿರುತ್ತದೆ. ನನ್ನದು ಹಾಗೇ ತಿಂಗಳು ತಿಂಗಳು ಹೋಗುತ್ತಾ ಇರುತ್ತದೆ. ದಾರದ ಖರ್ಚು ಹೊರಡುತ್ತದೆ ಅನ್ನಬಹುದು. ಮನೆ ನಡೆಯುವುದು ಅದರಿಂದಲ್ಲ, ಅದಕ್ಕೇ ಇಷ್ಟು ನಿರಾಳವಾಗಿ ಬರೆಯಲು ಆಗುತ್ತಿದೆ. ಅದರ ಮೇಲೇ ಮನೆ ನಡೆಸುವವರಿಗೆ "ಸುಮ್ನೆ ಬಿಡಿ" ಅಂತ ನಾನು ಹೇಳಲಾರೆ.

ಕೆಲವರು ಮೊದಲೇ ಹತ್ತಿಪ್ಪತ್ತು ವಿಡಿಯೋ ಮಾಡಿಟ್ಟು, ದಿನಾಂಕ ಹಾಕಿ ಬಿಟ್ಟುಬಿಡಿ, ತಾನೇ ಬರುತ್ತಿರುತ್ತದೆ ಅಂದರು. ವಿಡಿಯೋ ತಾನೇ ಬರುತ್ತದೆ ನಿಜ, ಉತ್ತರ ತಾನೇ ಬರುವುದಿಲ್ಲ. ಹೊಸ ವಿಡಿಯೋ ಬಂದ ದಿನವೇ "ಅಕ್ಕಾರ, ಮೂರನೇ ಸಾಲಿನ್ಯಾಗ ನಂದು ತಪ್ಪಾಕ್ಹತ್ತೇದ" ಅನ್ನುವ ಪ್ರಶ್ನೆಗಳು ಬರುತ್ತವೆ. ಅವಕ್ಕೆ ಸಂಕ್ರಾಂತಿವರೆಗೆ ಉತ್ತರವಿಲ್ಲದೆ ಬಿಡುವುದಕ್ಕಿಂತ ವಿಡಿಯೋ ಇಲ್ಲದಿರುವುದೇ ಒಳ್ಳೆಯದು.

ಕಾಮೆಂಟಿಗೂ ಒಂದು ವ್ಯವಸ್ಥೆ ಮಾಡಿದ್ದೇನೆ. ಮೊದಲು ಎಲ್ಲವನ್ನೂ ಪರಿಶೀಲನೆಗೆ ತಡೆಹಿಡಿಯೋಣ, ಬಂದ ಮೇಲೆ ನೋಡೋಣ ಅಂದುಕೊಂಡಿದ್ದೆ. ಆದರೆ ಹಾಗೆ ತಡೆಹಿಡಿದ ಕಾಮೆಂಟು ಅಲ್ಲಿ ಇರುವುದು ಹೆಚ್ಚೆಂದರೆ 60 ದಿನ. ಶ್ರಾವಣದಲ್ಲಿ ಕೇಳಿದ್ದು ಸಂಕ್ರಾಂತಿಗೆ ನನ್ನ ಕೈಗೆ ಸಿಗುವುದಿಲ್ಲ. Off ಅಂತ ಇಟ್ಟರೆ ಹಳೆಯ ಕಾಮೆಂಟುಗಳೂ ಮರೆಯಾಗುತ್ತವೆ. ನಿಮ್ಮ ಎಷ್ಟೋ ಅನುಮಾನಗಳಿಗೆ ಬೇರೆ ನೋಡುಗರೇ ಅಲ್ಲಿ ಚೆನ್ನಾಗಿ ಉತ್ತರ ಬರೆದಿದ್ದಾರೆ, ಅದು ಹೋಗಬಾರದು. ಹಾಗಾಗಿ Pause ಇಡುತ್ತಿದ್ದೇನೆ. ಹಳೆಯದೆಲ್ಲ ಓದಬಹುದು, ಹೊಸದು ಬರೆಯಲು ಬರುವುದಿಲ್ಲ. ಇದನ್ನು ಮಾಡುವವರಿಗೆ ಒಂದು ಸೂಚನೆ: ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಅದು ಮುಂದೆ ಹಾಕುವ ವಿಡಿಯೋಗಳಿಗೆ ಮಾತ್ರ. ಹಳೆಯವನ್ನು ಪಟ್ಟಿಯಲ್ಲಿ ಒಟ್ಟಿಗೆ ಟಿಕ್ ಮಾಡಿ ಬೇರೆಯಾಗಿ ಬದಲಿಸಬೇಕು.

ನಡುವೆ ಕಲಿಯುತ್ತಿರುವವರು ಕೈ ಬಿಡಬೇಡಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ, ನಾಲ್ಕೂ ಹೊಲಿಗೆಗಳ ವಿಡಿಯೋಗಳನ್ನು ಅದೇ ಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿ ಮೇಲಿಟ್ಟಿದ್ದೇನೆ. ಗವಂತಿ, ಮುರ್ಗಿ ಹಾಕುವಾಗ ತಪ್ಪಾಯಿತು ಅನಿಸಿದರೆ ಬಟ್ಟೆ ತಿರುಗಿಸಿ ನೋಡಿ. ಹಿಂದೆ ಉದ್ದ ದಾರ ಓರೆಯಾಗಿ ಬಿದ್ದಿದ್ದರೆ ಕವಲು ಬಿಟ್ಟಿದ್ದೀರಿ, ಅಲ್ಲಿವರೆಗೆ ಬಿಚ್ಚಿ. ಎರಡೂ ಕಡೆ ಸರಿ ಇದ್ದು ತುದಿಗಳು ಮಾತ್ರ ಕೂಡುತ್ತಿಲ್ಲ ಅಂದರೆ ಎಳೆ ಎಣಿಕೆ ತಪ್ಪಿದೆ. ಮೆಂತೆಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಹಿಂಬದಿ ಬೇರೆಯೇ ಇರುತ್ತದೆ. ನೇಯ್ಗೆಯದೂ ಅಷ್ಟೇ.

ಮ್ಯಾಟಿ ಬಟ್ಟೆ, ದಾರದ ಕಿಟ್‌ಗೆ ದುಡ್ಡು ಹಾಕಿದವರಿಗೆಲ್ಲ ನಾಗರಪಂಚಮಿಯೊಳಗೆ ಪೋಸ್ಟ್ ಮಾಡುತ್ತೇನೆ. ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ.

ಸಂಕ್ರಾಂತಿಗೆ ಸೀರೆ ಮುಗಿಯದಿದ್ದರೆ ಒಂದು ಪೋಸ್ಟ್ ಹಾಕಿ ಇನ್ನೂ ಸ್ವಲ್ಪ ದಿನ ಅಂತ ಹೇಳುತ್ತೇನೆ. ಬಂದಾಗ ಮೊದಲ ವಿಡಿಯೋ ಬಹಳ ಜನರಿಗೆ ಕಾಣದೇ ಇರಬಹುದು, ಗಂಟೆ ಒತ್ತಿ ಎಲ್ಲ ಸೂಚನೆ ಬೇಕು ಅಂದವರಿಗೆ ಅದರ ಸೂಚನೆ ಹೋಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಈಗ ಗಂಟೆ ಒತ್ತಿ ಅಂತ ಕೇಳುತ್ತಿಲ್ಲ. ಬೇಕಾದವರು ಹುಡುಕಿ ಬರುತ್ತಾರೆ, ಇಷ್ಟು ದಿನ ಬಂದಿದ್ದೂ ಹಾಗೇ ಅಲ್ವಾ.

ಸೀರೆಯ ಫೋಟೋ ಹಾಕುತ್ತೀರಾ ಅಂತ ಈಗಲೇ ಕೇಳಬೇಡಿ. ಅದು ತಂಗಿ ಮಗಳ ಸೀರೆ. ಮದುವೆ ಆದ ಮೇಲೆ ಅವಳು ಹೂಂ ಅಂದರೆ ಹಾಕುತ್ತೇನೆ, ಹಿಂಬದಿಯದೂ ಸೇರಿಸಿ.