ಸಿನಾಪ್ಸಿಸ್ ಡೈರಿ: ಹೈಪಾಥೆಸಿಸ್ ತಿದ್ದಿ ಬರೆದದ್ದು, ಡಿಲಿಮಿಟೇಶನ್‌ಗೆ ಗೆರೆ ಹಾಕಿದ್ದು

ಎಂ.ಎಸ್ಸಿ. ನರ್ಸಿಂಗ್ ಸಿನಾಪ್ಸಿಸ್, ಅಂದರೆ ಪ್ರಬಂಧದ ಕೆಲಸ ಶುರು ಮಾಡುವ ಮುಂಚೆ ವಿಶ್ವವಿದ್ಯಾಲಯಕ್ಕೆ ಕೊಡುವ ಯೋಜನೆ, ಎಲ್ಲಿಗೆ ಬಂತು ಅಂತ ಕೇಳಿದವರಿಗೆ ಈ ಸಲದ ವರದಿ. ವಿಷಯ ಹಳೆಯದೇ: ಪಿಯು ಕಾಲೇಜಿನ ಹುಡುಗಿಯರಿಗೆ ರಕ್ತಹೀನತೆ ತಡೆಯುವ ಬಗ್ಗೆ ಪಾಠ ಮಾಡಿದರೆ ಅವರ ತಿಳಿವಳಿಕೆ ಹೆಚ್ಚುತ್ತದಾ ಅಂತ ನೋಡುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ‘ಈ ಅಧ್ಯಯನ ಯಾಕೆ ಬೇಕು’ ಅನ್ನೋ ಭಾಗ ಬರೆಯೋದು ಕಷ್ಟ ಆಗಲಿಲ್ಲ. ಸಮಯ ಹಿಡಿದದ್ದು ಅದರ ಮುಂದಿನ ಅರ್ಧ ಪುಟ.

ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಿನಾಪ್ಸಿಸ್ ನಮೂನೆ ಗೊತ್ತಿರುವವರಿಗೆ ಗೊತ್ತು. ಆರನೇ ಅಂಶದ ಕೆಳಗೆ ಉದ್ದೇಶ, ಆಪರೇಷನಲ್ ಡೆಫಿನಿಶನ್, ಹೈಪಾಥೆಸಿಸ್, ಅಸಂಪ್ಷನ್, ಡಿಲಿಮಿಟೇಶನ್ ಎಲ್ಲ ಸಾಲಾಗಿ ಬರುತ್ತವೆ. ಹೈಪಾಥೆಸಿಸ್ ಅಂದರೆ ಫಲಿತಾಂಶ ಹೀಗೆ ಬರುತ್ತದೆ ಅಂತ ಮೊದಲೇ ಹೇಳುವ ಸಾಲು, ಡಿಲಿಮಿಟೇಶನ್ ಅಂದರೆ ಅಧ್ಯಯನಕ್ಕೆ ನಾವೇ ಹಾಕುವ ಗೆರೆ. ಸೀನಿಯರ್‌ಗಳ ಹಳೆಯ ಸಿನಾಪ್ಸಿಸ್ ತೆಗೆದು ನೋಡಿದರೆ ಇವು ತಲಾ ಎರಡು ಮೂರು ಸಾಲು, ಅಷ್ಟೆ. ಆದರೆ ವೈವಾದಲ್ಲಿ ಎಕ್ಸ್‌ಟರ್ನಲ್‌ಗಳು, ಅಂದರೆ ಹೊರಗಿನಿಂದ ಬರುವ ಪರೀಕ್ಷಕರು, ಮೊದಲು ತೆರೆಯೋದು ಇದೇ ಪುಟವನ್ನು ಅಂತ ನಮ್ಮ ಗೈಡ್ ಮೇಡಂ ಹೇಳಿದ್ದಾರೆ. ಕೆಲಸ ಮಾಡ್ತಾ ಹೋದ ಹಾಗೆ ಅದಕ್ಕೆ ಕಾರಣ ನನಗೂ ಸ್ಪಷ್ಟವಾಯಿತು.

ಮೊದಲ ಕರಡಿನ ಹೈಪಾಥೆಸಿಸ್

ಅದರಲ್ಲಿ ಇದ್ದದ್ದು ಎಲ್ಲರೂ ಬರೆಯುವ ಸಾಲು: ‘ಬೋಧನೆಯ ನಂತರದ ಸರಾಸರಿ ತಿಳಿವಳಿಕೆ ಅಂಕ, ಬೋಧನೆಗೆ ಮುಂಚಿನ ಅಂಕಕ್ಕಿಂತ 0.05 ಮಟ್ಟದಲ್ಲಿ ಗಣನೀಯವಾಗಿ ಜಾಸ್ತಿ ಇರುತ್ತದೆ.’ ಓದೋಕೆ ಸರಿಯಾಗೇ ಇದೆ. ಆದರೆ ನನ್ನ ವಿನ್ಯಾಸದಲ್ಲಿ ಎರಡು ಗುಂಪು ಇವೆ. ಒಂದು ಕಾಲೇಜಿಗೆ ಪಾಠ, ಇನ್ನೊಂದಕ್ಕೆ ಪಾಠ ಇಲ್ಲ, ಎರಡಕ್ಕೂ ಮುಂಚೆ ಒಮ್ಮೆ, ಏಳನೇ ದಿನ ಒಮ್ಮೆ ಪರೀಕ್ಷೆ.

ಮೇಡಂ ಪೆನ್ಸಿಲ್‌ನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: “ಈ ಹೈಪಾಥೆಸಿಸ್‌ನಲ್ಲಿ ಎರಡನೇ ಕಾಲೇಜು ಎಲ್ಲಿದೆಯಮ್ಮ?”

ಎಲ್ಲೂ ಇಲ್ಲ! ಒಂದು ಉದಾಹರಣೆ ಇಟ್ಟುಕೊಂಡು ನೋಡಿ. ಪಾಠ ಕೇಳಿದ ಹುಡುಗಿಯರ ಸರಾಸರಿ 30ಕ್ಕೆ 12ರಿಂದ 19ಕ್ಕೆ ಏರಿತು ಅಂದುಕೊಳ್ಳಿ. ಪಾಠ ಕೇಳದವರದ್ದು 12ರಿಂದ 15ಕ್ಕೆ ಏರಿತು. ಮೊದಲ ಕರಡಿನ ಸಾಲು ನೋಡೋದು 12 ಮತ್ತು 19ನ್ನು ಮಾತ್ರ. ಏಳೂ ಅಂಕದ ಏರಿಕೆಯನ್ನು ಪಾಠದ ಲೆಕ್ಕಕ್ಕೇ ಹಾಕಿಬಿಡುತ್ತದೆ. ಆದರೆ ಪಾಠವೇ ಇಲ್ಲದೆ ಮೂರು ಅಂಕ ಏರಿದೆಯಲ್ಲ? ಅದೇ ಪ್ರಶ್ನೆಪತ್ರಿಕೆ ಎರಡನೇ ಸಲ ಕೈಗೆ ಬಂದಾಗ ಪ್ರಶ್ನೆಗಳು ನೆನಪಿರುತ್ತವೆ. ಮೊದಲ ಸಲ ಗೊತ್ತಾಗದ್ದನ್ನು ಮನೆಗೆ ಹೋಗಿ ಯಾರನ್ನೋ ಕೇಳಿರುತ್ತಾರೆ. ಆ ವಾರವೇ ಕಾಲೇಜಿನಲ್ಲಿ ಕಬ್ಬಿಣಾಂಶದ ನೀಲಿ ಮಾತ್ರೆ ಕೊಟ್ಟು ನಾಲ್ಕು ಮಾತು ಹೇಳಿರಬಹುದು. ಪಾಠದಿಂದ ಬಂದದ್ದು ಉಳಿದ ನಾಲ್ಕು ಅಂಕ. ಹೈಪಾಥೆಸಿಸ್ ಪರೀಕ್ಷೆ ಮಾಡಬೇಕಾದ್ದು ಆ ನಾಲ್ಕನ್ನು.

ಈಗಿನ ಸಾಲು ಹೀಗಿದೆ: ‘ಪ್ರಾಯೋಗಿಕ ಗುಂಪಿನ ತಿಳಿವಳಿಕೆ ಅಂಕದ ಸರಾಸರಿ ಏರಿಕೆ, ನಿಯಂತ್ರಣ ಗುಂಪಿನ ಸರಾಸರಿ ಏರಿಕೆಗಿಂತ 0.05 ಮಟ್ಟದಲ್ಲಿ ಗಣನೀಯವಾಗಿ ಹೆಚ್ಚಿರುತ್ತದೆ.’ ಈ ಒಂದು ಬದಲಾವಣೆ ಸಿನಾಪ್ಸಿಸ್‌ನ ಉಳಿದ ಪುಟಗಳನ್ನೂ ಅಲುಗಾಡಿಸಿತು. ಮೊದಲಿನ ಸಾಲಿಗೆ ಪೇರ್ಡ್ ಟಿ-ಟೆಸ್ಟ್ ಸಾಕಿತ್ತು. ಈಗ ಎರಡು ಬೇರೆ ಗುಂಪುಗಳ ಏರಿಕೆಯನ್ನು ಹೋಲಿಸುವ ಟೆಸ್ಟ್ ಬೇಕು. ಸ್ಯಾಂಪಲ್ ಸಂಖ್ಯೆಯೂ ಬದಲಾಯಿತು. ಮಧ್ಯಮ ಪ್ರಮಾಣದ ಪರಿಣಾಮವನ್ನು, ಅಂದರೆ 0.5 ಎಫೆಕ್ಟ್ ಸೈಜ್ ಅನ್ನು, ಶೇ. 80 ಪವರ್‌ನಲ್ಲಿ, ಅಂದರೆ ಪರಿಣಾಮ ನಿಜವಾಗಿ ಇದ್ದರೆ ನೂರಕ್ಕೆ ಎಂಬತ್ತು ಸಲ ಸಿಗುವ ಹಾಗೆ, ಹಿಡಿಯಲು ಒಂದೇ ಗುಂಪಿನ ಮುಂಚೆ-ನಂತರದ ಹೋಲಿಕೆಗೆ 34 ಜನ ಸಾಕು. ಎರಡು ಗುಂಪಿಗೆ ತಲಾ 64 ಬೇಕು. ಎರಡನೇ ಪರೀಕ್ಷೆಯ ದಿನ ಶೇ. 10 ಮಂದಿ ಬರದೇ ಇರಬಹುದು ಅಂತ ತಲಾ 72 ಇಟ್ಟಿದ್ದೇನೆ.

ಪರೀಕ್ಷಕರು ಹೈಪಾಥೆಸಿಸ್ ಮೇಲೆ ಯಾಕೆ ಕಣ್ಣಿಡುತ್ತಾರೆ ಅನ್ನೋದಕ್ಕೆ ಇಲ್ಲೇ ಅರ್ಧ ಉತ್ತರ ಇದೆ. ವಿನ್ಯಾಸ, ಟೂಲ್, ಟೆಸ್ಟ್, ಸ್ಯಾಂಪಲ್ ನಾಲ್ಕೂ ಆ ಒಂದು ಸಾಲಿಗೆ ಹೊಂದಬೇಕು. ಹೊಂದದೇ ಇದ್ದರೆ ಅನುಭವ ಇರುವವರಿಗೆ ಒಂದೇ ಓದಿಗೆ ಗೊತ್ತಾಗುತ್ತದೆ.

ಎರಡನೇ ಹೈಪಾಥೆಸಿಸ್ ಮತ್ತು ಎಂಟು ವೇರಿಯಬಲ್‌ಗಳು

ನಮ್ಮಲ್ಲಿ ಇದು ಸಂಪ್ರದಾಯದ ಹಾಗೆ ಬಂದುಬಿಟ್ಟಿದೆ: ‘ಮುಂಚಿನ ತಿಳಿವಳಿಕೆ ಅಂಕಕ್ಕೂ ಆಯ್ದ ಡೆಮೊಗ್ರಾಫಿಕ್ ವೇರಿಯಬಲ್‌ಗಳಿಗೂ ಗಣನೀಯ ಸಂಬಂಧ ಇರುತ್ತದೆ.’ ವಯಸ್ಸು, ಧರ್ಮ, ಕುಟುಂಬದ ಬಗೆ, ಆದಾಯ, ತಂದೆಯ ಓದು, ತಾಯಿಯ ಓದು, ಆಹಾರ ಪದ್ಧತಿ, ಮೊದಲೇ ಮಾಹಿತಿ ಸಿಕ್ಕಿದೆಯಾ ಅನ್ನೋದು. ಒಟ್ಟು ಎಂಟು. ಒಂದೊಂದಕ್ಕೂ ಒಂದು ಕೈ-ಸ್ಕ್ವೇರ್ ಟೆಸ್ಟ್.

ಇಲ್ಲಿ ಕೂತು ಲೆಕ್ಕ ಹಾಕಿದೆ. ನಿಜವಾಗಿ ಯಾವ ಸಂಬಂಧವೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. 0.05 ಮಟ್ಟದಲ್ಲಿ ಒಂದು ಟೆಸ್ಟ್ ಸುಳ್ಳು ಸಂಬಂಧ ತೋರಿಸುವ ಸಾಧ್ಯತೆ ನೂರಕ್ಕೆ ಐದು. ಒಂದಕ್ಕೊಂದು ಸಂಬಂಧ ಇಲ್ಲದ ಎಂಟು ಟೆಸ್ಟ್ ಮಾಡಿದರೆ, ಕಡೇಪಕ್ಷ ಒಂದಾದರೂ ಸುಳ್ಳು ಹೇಳುವ ಸಾಧ್ಯತೆ:

```
1 − 0.95^8 ≈ 0.34
```

ಮೂರರಲ್ಲಿ ಒಂದು ಪಾಲು! ‘ಕುಟುಂಬದ ಬಗೆಗೂ ತಿಳಿವಳಿಕೆಗೂ ಸಂಬಂಧ ಕಂಡುಬಂದಿದೆ’ ಅಂತ ಎಷ್ಟೋ ಪ್ರಬಂಧಗಳಲ್ಲಿ ಇರುವ ಸಾಲಿಗೆ ಬೇರೇನೂ ಕಾರಣ ಇಲ್ಲದೇ ಇರಬಹುದು. ಡೇಟಾ ಬಂದ ಮೇಲೆ ಯಾವುದು ಹೊಂದಿತೋ ಅದನ್ನೇ ಎತ್ತಿ ಹಿಡಿಯೋದು ಸುಲಭ. ಡೇಟಾ ಬರುವ ಮುಂಚೆಯೇ ಬರೆದು ಕೊಡಿ ಅಂತ ಪರೀಕ್ಷಕರು ಕೇಳೋದು ಇದಕ್ಕೇ. ಪ್ರಬಂಧದ ಫಲಿತಾಂಶದ ಕೋಷ್ಟಕವನ್ನು ಸಿನಾಪ್ಸಿಸ್ ಪಕ್ಕ ಇಟ್ಟುಕೊಂಡರೆ, ಯಾವುದು ಮೊದಲೇ ಕೇಳಿದ ಪ್ರಶ್ನೆ, ಯಾವುದು ಆಮೇಲೆ ಹೆಕ್ಕಿದ್ದು ಅನ್ನೋದು ಬಯಲಾಗುತ್ತದೆ.

ಎಂಟನ್ನು ಎರಡಕ್ಕೆ ಇಳಿಸಿದೆ: ತಾಯಿಯ ಓದು, ಮತ್ತು ಮೊದಲೇ ಮಾಹಿತಿ ಸಿಕ್ಕಿದೆಯಾ ಅನ್ನೋದು. ಎರಡಕ್ಕೂ ‘ಯಾಕೆ ಸಂಬಂಧ ಇರಬೇಕು’ ಅಂತ ನಾನು ಎರಡು ವಾಕ್ಯದಲ್ಲಿ ಹೇಳಬಲ್ಲೆ. ಉಳಿದ ಆರನ್ನು ಗುಂಪಿನ ಪರಿಚಯಕ್ಕಷ್ಟೆ ಕೋಷ್ಟಕದಲ್ಲಿ ಕೊಡುತ್ತೇನೆ. ತಾಯಿಯ ಓದಿನಲ್ಲೂ ಒಂದು ತೊಡಕು ಇತ್ತು. 64 ಹುಡುಗಿಯರಲ್ಲಿ ಪದವಿ ಓದಿದ ತಾಯಂದಿರು ಆರೇ ಜನ ಇದ್ದರೆ, ಅಂಕದ ಮಧ್ಯಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿದಾಗ ಕೋಷ್ಟಕದ ಒಂದೊಂದು ಮನೆಗೆ ನಿರೀಕ್ಷೆ ಮೂರೇ. ಐದಕ್ಕಿಂತ ಕಮ್ಮಿ ಇದ್ದಲ್ಲಿ ಕೈ-ಸ್ಕ್ವೇರ್ ನಂಬೋ ಹಾಗಿಲ್ಲ. ಅದಕ್ಕೆ ‘ಹತ್ತನೇ ತರಗತಿವರೆಗೆ’, ‘ಅದಕ್ಕಿಂತ ಜಾಸ್ತಿ’ ಅಂತ ಎರಡೇ ವರ್ಗ ಈಗಲೇ ಗೊತ್ತು ಮಾಡಿದ್ದೇನೆ.

ಹಿಮೋಗ್ಲೋಬಿನ್ ಬಿಟ್ಟದ್ದು

ಡಿಲಿಮಿಟೇಶನ್ ಕೆಲಸ ಶುರುವಾಗಿದ್ದು ಇಲ್ಲಿಂದ. ತಿಳಿವಳಿಕೆ ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿದರೆ ಅಧ್ಯಯನಕ್ಕೆ ತೂಕ ಬರುತ್ತದೆ ಅಂತ ಒಂದು ಆಸೆ ಇತ್ತು. ಆದರೆ ನನ್ನ ಎರಡನೇ ಪರೀಕ್ಷೆ ಏಳನೇ ದಿನ. ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ. ಪಾಠ ಕೇಳಿ, ಊಟ ಬದಲಿಸಿ, ಅದು ರಕ್ತದಲ್ಲಿ ಕಾಣಬೇಕಾದರೆ ಏಳು ದಿನ ಏನಕ್ಕೂ ಸಾಲದು. ಬದಲಾವಣೆ ಕಾಣದೇ ಹೋದರೆ ಪಾಠ ಸೋತಿತು ಅಂತಲ್ಲ, ಅಳತೆ ತೆಗೆದ ಸಮಯವೇ ತಪ್ಪು. ಅದೂ ಅಲ್ಲದೆ ನಮೂನೆಯ 7.3ರಲ್ಲಿ ಮನುಷ್ಯರ ಮೇಲೆ ತನಿಖೆ ಅಥವಾ ಇಂಟರ್ವೆನ್ಷನ್ ಇದೆಯಾ ಅಂತ ಕೇಳುತ್ತಾರೆ. ಪಾಠ ಅಂತಷ್ಟೆ ಇದ್ದಲ್ಲಿಗೆ ರಕ್ತ ತೆಗೆಯೋದೂ ಸೇರಿಬಿಡುತ್ತದೆ.

ಹಾಗಾಗಿ ಬರೆದೆ: ‘ಈ ಅಧ್ಯಯನ ತಿಳಿವಳಿಕೆಗೆ ಮಾತ್ರ ಸೀಮಿತ. ಹಿಮೋಗ್ಲೋಬಿನ್ ಮಟ್ಟ ಮತ್ತು ಆಹಾರ ಅಭ್ಯಾಸವನ್ನು ಅಳೆಯುವುದಿಲ್ಲ.’ ಜೊತೆಗೆ: ಒಂದೇ ತಾಲ್ಲೂಕಿನ ಎರಡು ಕಾಲೇಜುಗಳ ಪಿಯು ಹುಡುಗಿಯರು, ಕನ್ನಡ ಓದಲು ಬರುವವರು, ಈಗ ರಕ್ತಹೀನತೆಗೆ ಚಿಕಿತ್ಸೆ ತಗೊಳ್ತಾ ಇಲ್ಲದವರು. ಚಿಕಿತ್ಸೆಯಲ್ಲಿ ಇರುವವರನ್ನು ಬಿಟ್ಟದ್ದಕ್ಕೆ ಕಾರಣ ಸರಳ. ಅವರಿಗೆ ಡಾಕ್ಟರ್ ಆಗಲೇ ತಿಳಿಸಿ ಹೇಳಿರುತ್ತಾರೆ.

ಹಳೆಯ ಸಿನಾಪ್ಸಿಸ್‌ಗಳಲ್ಲಿ ಡಿಲಿಮಿಟೇಶನ್ ಅಂತ ‘ಅಧ್ಯಯನ 60 ಸ್ಯಾಂಪಲ್‌ಗೆ ಸೀಮಿತ’ ಅನ್ನೋ ಸಾಲು ಸಿಗುತ್ತದೆ. ನನಗೆ ಅದು ಒಪ್ಪಿಗೆ ಆಗಲ್ಲ. 60 ಯಾಕೆ ಅಂತ ಕೇಳಿದರೆ ಉತ್ತರ ಪವರ್ ಲೆಕ್ಕದಲ್ಲಿ ಇರಬೇಕು, ಇಲ್ಲಿ ಅಲ್ಲ. ಡಿಲಿಮಿಟೇಶನ್ ಅಂದರೆ ನಾನೇ ಬೇಕು ಅಂತ ಹಾಕಿಕೊಂಡ ಗೆರೆ, ಅದಕ್ಕೆ ನನ್ನ ಹತ್ತಿರ ಕಾರಣ ಇರುತ್ತದೆ. ಲಿಮಿಟೇಶನ್ ನನ್ನ ಕೈಯಲ್ಲಿ ಇಲ್ಲದ ಕೊರತೆ.

ಎಷ್ಟೋ ಸಲ ಒಂದರಿಂದ ಇನ್ನೊಂದು ಹುಟ್ಟುತ್ತದೆ. ಒಂದೇ ಕಾಲೇಜಿನಲ್ಲಿ ಎರಡು ಗುಂಪು ಮಾಡಿದರೆ, ಪಾಠ ಕೇಳಿದವಳು ಹಾಸ್ಟೆಲ್ ರೂಮಿನಲ್ಲಿ ಕರಪತ್ರವನ್ನು ಪಕ್ಕದವಳಿಗೆ ಕೊಡುತ್ತಾಳೆ. ನಿಯಂತ್ರಣ ಗುಂಪು ಹೆಸರಿಗೆ ಮಾತ್ರ ಉಳಿಯುತ್ತದೆ. ಅದಕ್ಕೆ ಎರಡು ಕಾಲೇಜು ಬೇಕು ಅಂತ ಗೆರೆ ಹಾಕಿದೆ. ಆದರೆ ಗುಂಪಿಗೆ ಒಂದೇ ಕಾಲೇಜು ಆದಾಗ, ಕಾಲೇಜಿನಿಂದ ಬಂದ ವ್ಯತ್ಯಾಸವನ್ನೂ ಪಾಠದಿಂದ ಬಂದ ವ್ಯತ್ಯಾಸವನ್ನೂ ಪೂರ್ತಿ ಬೇರೆ ಮಾಡೋಕೆ ಆಗಲ್ಲ. ಒಂದರಲ್ಲಿ ವಿಜ್ಞಾನದ ಹುಡುಗಿಯರು ಜಾಸ್ತಿ ಇದ್ದರೆ ಅವರು ಬೇಗ ಕಲಿಯಬಹುದು, ಅಲ್ವಾ? ಎರಡೂ ಕಡೆ ಕಲಾ ಮತ್ತು ವಾಣಿಜ್ಯ ವಿಭಾಗ ಮಾತ್ರ ತಗೊಂಡು ಇದನ್ನು ಸ್ವಲ್ಪ ತಗ್ಗಿಸಿದ್ದೇನೆ. ಉಳಿದದ್ದು ಲಿಮಿಟೇಶನ್ ಆಗಿ ಹೋಗುತ್ತದೆ.

ಮೇಡಂ ಇದನ್ನು ಓದಿ ಹೇಳಿದರು: “ಇದನ್ನ ನೀನೇ ಬರೆದಿದ್ದೀಯ ಅಂದ್ರೆ, ವೈವಾದಲ್ಲಿ ಯಾರಾದ್ರೂ ಕೇಳಿದಾಗ ಅದು ಚರ್ಚೆ ಆಗುತ್ತೆ. ಬರೀದೆ ಇದ್ರೆ ತನಿಖೆ ಆಗುತ್ತೆ.”

ಎಕ್ಸ್‌ಟರ್ನಲ್ ಡಿಲಿಮಿಟೇಶನ್ ಓದಿದ ಕೂಡಲೇ ಕೊನೆಯ ಅಧ್ಯಾಯಕ್ಕೆ ಹಾರುತ್ತಾರಂತೆ. ಗೆರೆ ಒಂದು ತಾಲ್ಲೂಕಿನ ಎರಡು ಕಾಲೇಜಿಗೆ ಇದ್ದು, ತೀರ್ಮಾನದಲ್ಲಿ ‘ಕರ್ನಾಟಕದ ಹದಿಹರೆಯದ ಹುಡುಗಿಯರಲ್ಲಿ’ ಅಂತ ಇದ್ದರೆ ಅಲ್ಲೇ ಪ್ರಶ್ನೆ ಏಳುತ್ತದೆ. ಕಾಲೇಜಿಗೆ ಬರದೇ ಕೂಲಿಗೆ ಹೋಗುವ ಹುಡುಗಿ ನನ್ನ ಅಧ್ಯಯನದಲ್ಲಿ ಇಲ್ಲವೇ ಇಲ್ಲ. ಅವಳ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ. ಈ ವಾಕ್ಯವನ್ನು ಸ್ಕೋಪ್ ಭಾಗದಲ್ಲಿ ಹಾಗೇ ಸೇರಿಸಿದ್ದೇನೆ, ಯಾಕೆಂದರೆ ರಕ್ತಹೀನತೆ ಅಂದಾಗ ನನಗೆ ಮೊದಲು ನೆನಪಾಗೋದೇ ಅವಳು.

ಈಗ ಎಲ್ಲಿದೆ

ಹೈಪಾಥೆಸಿಸ್ ಎರಡು, ಡಿಲಿಮಿಟೇಶನ್ ಸಾಲುಗಳು, ಒಂದೊಂದಕ್ಕೂ ಕಾರಣ, ಎಲ್ಲ ಮೇಡಂ ಒಪ್ಪಿದ್ದಾರೆ. ಮುಂದಿನದು ನೈತಿಕ ಸಮಿತಿಯ ಕಡತ. ಹೆಚ್ಚಿನ ಹುಡುಗಿಯರಿಗೆ 18 ತುಂಬಿಲ್ಲ. ಹಾಗಾಗಿ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆ ಬೇಕು, ಹುಡುಗಿಯ ಸಮ್ಮತಿಯೂ ಬೇರೆಯಾಗಿ ಬೇಕು. ಒಪ್ಪಿಗೆ ಪತ್ರದ ಕನ್ನಡ ಕರಡು ಈ ವಾರ ಬರೀತಾ ಇದ್ದೇನೆ. ಓದಲು ಬಾರದ ತಾಯಂದಿರಿಗೆ ಸಾಕ್ಷಿಯ ಎದುರು ಓದಿ ಹೇಳುವ ವ್ಯವಸ್ಥೆಯನ್ನೂ ಅದರಲ್ಲಿ ಸೇರಿಸಬೇಕು. ಅದು ಮುಗಿದ ಮೇಲೆ 30 ಪ್ರಶ್ನೆಗಳ ಟೂಲ್ ಅನ್ನು ತಜ್ಞರಿಗೆ ಕಳಿಸಿ, ಬೇರೆಯದೇ ಒಂದು ಕಾಲೇಜಿನಲ್ಲಿ ಪೈಲಟ್ ಮಾಡುವುದು.